ಗ್ರಾಚ್ಯುಟಿ ‘ಪ್ರಾವಿಷನ್’ಗೆ ಬಜೆಟ್‌ನಲ್ಲಿ ಏನಂತ ಬರೆಯೋದು?

ಎಲ್ಲರಿಗೂ ನಮಸ್ಕಾರ. ನಾನು ಟ್ರಸ್ಟ್ ನಡೆಸುವ ಒಂದು ಅನುದಾನರಹಿತ ಹೈಸ್ಕೂಲಿನಲ್ಲಿ ಲೆಕ್ಕ ಬರೆಯುತ್ತೇನೆ. ಮುಂದಿನ ವರ್ಷದ ಬಜೆಟ್ಟನ್ನು ಕನ್ನಡದಲ್ಲೇ ಕಮಿಟಿ ಮುಂದೆ ಇಡಬೇಕು. ಗ್ರಾಚ್ಯುಟಿಗೆ ‘ಉಪದಾನ’, ರಜೆ ದುಡ್ಡಿಗೆ ‘ಗಳಿಕೆ ರಜೆ ನಗದೀಕರಣ’ ಅಂತ ಸರ್ಕಾರಿ ಕಾಗದಗಳಲ್ಲೇ ಇದೆ, ಅದಕ್ಕೆ ತಕರಾರಿಲ್ಲ. ತೊಡಕಿರುವುದು ‘ಪ್ರಾವಿಷನ್’ನಲ್ಲಿ. ಹಳೆಯ ಬಜೆಟ್‌ಗಳಲ್ಲಿ ‘ಉಪದಾನ ಮೀಸಲು’ ಅಂತ ಇದೆ. ಅದನ್ನು ಓದಿದ ಟ್ರಸ್ಟಿ ಒಬ್ಬರು “ಹಂಗಾದ್ರೆ ಆ ದುಡ್ಡು ಬ್ಯಾಂಕಲ್ಲಿದೆ ಅಲ್ವಾ, ಅದರಲ್ಲೇ ಲ್ಯಾಬ್ ಕಟ್ಟಿಸೋಣ” ಅಂದರು. ಬ್ಯಾಂಕಲ್ಲಿ ಒಂದು ಪೈಸೆಯೂ ಇಲ್ಲ, ಇರುವುದು ಪುಸ್ತಕದಲ್ಲಿ ಬರೆದ ಸಾಲ ಮಾತ್ರ. ಯಾವ ಪದ ಹಾಕಿದರೆ ಈ ಗೊಂದಲ ಆಗುವುದಿಲ್ಲ?

ಶಿವಮೊಗ್ಗದಿಂದ: ಪದಕ್ಕೆ ಯಾಕೆ ತಲೆ ಕೆಡಿಸಿಕೊಳ್ತೀರಿ ಸರ್? ಆ ವರ್ಷ ಯಾರು ರಿಟೈರ್ ಆಗ್ತಾರೋ ಅವರಿಗೆ ಕೊಡುವ ಮೊತ್ತವನ್ನು ‘ಉಪದಾನ ಪಾವತಿ’ ಅಂತ ಬರೆದರೆ ಮುಗೀತು. ಯಾರೂ ರಿಟೈರ್ ಆಗದಿದ್ದರೆ ಸೊನ್ನೆ. ನಮ್ಮಲ್ಲಿ ಮೊದಲಿಂದಲೂ ಹೀಗೇ.

ಮೈಸೂರಿನಿಂದ: ನಗದು ಬಜೆಟ್ ಆದರೆ ಶಿವಮೊಗ್ಗದವರು ಹೇಳಿದ್ದು ಸರಿ. ಆದರೆ ಅದರಲ್ಲಿ ಸಂಸ್ಥೆ ಎಷ್ಟು ಹೊಣೆ ಹೊತ್ತಿದೆ ಅಂತ ಕಾಣುವುದಿಲ್ಲ. ಒಬ್ಬ ಮೇಷ್ಟ್ರನ್ನು ತೆಗೆದುಕೊಳ್ಳಿ. ಈಗ ಬೇಸಿಕ್ ಮತ್ತು ಡಿಎ ಸೇರಿ 26,000, ಸೇವೆ 20 ವರ್ಷ. 26,000 × 15 ÷ 26 ಅಂದರೆ ವರ್ಷಕ್ಕೆ 15,000, ಒಟ್ಟು 3,00,000. ಹೋದ ವರ್ಷ ಅವರ ಸಂಬಳ 24,700, ಸೇವೆ 19 ವರ್ಷ. ಅದೇ ಲೆಕ್ಕದಲ್ಲಿ ವರ್ಷಕ್ಕೆ 14,250, ಒಟ್ಟು 2,70,750. ಅಲ್ಲಿಗೆ ಈ ಒಂದು ವರ್ಷಕ್ಕೆ ಬೆಳೆದದ್ದು 29,250.

ಹೆಚ್ಚಿನ ಕಡೆ ‘ವರ್ಷಕ್ಕೆ ಹದಿನೈದು ದಿನದ ಸಂಬಳ’ ಅಂತ 15,000 ಮಾತ್ರ ಹಾಕಿ ಸುಮ್ಮನಾಗುತ್ತಾರೆ. ಗ್ರಾಚ್ಯುಟಿ ಲೆಕ್ಕ ಹಾಕುವುದು ಕೊನೆಯ ಸಂಬಳದ ಮೇಲೆ. ಇನ್‌ಕ್ರಿಮೆಂಟ್ ಕೊಟ್ಟ ಕೂಡಲೇ ಹಿಂದಿನ 19 ವರ್ಷದ ಬಾಕಿಯೂ ವರ್ಷಕ್ಕೆ 750ರಂತೆ ಏರುತ್ತದೆ, ಅದೇ 14,250. ಹಳೆಯ ಸಿಬ್ಬಂದಿ ಜಾಸ್ತಿ ಇರುವ ಶಾಲೆಯಲ್ಲಿ ಹೊಸ ವರ್ಷದ ಪಾಲಿಗಿಂತ ಇದೇ ದೊಡ್ಡದಾಗಬಹುದು. ಇದು ತಪ್ಪಿದೆಯಾ ಅಂತ ನೋಡುವುದಕ್ಕೆ ಒಂದು ದಾರಿ ಇದೆ: ಎಲ್ಲರ ಹೆಸರು, ಸೇವೆ, ಈಗಿನ ಸಂಬಳ ಬರೆದು ಮೇಲಿನಂತೆ ಕೂಡಿ, ಪುಸ್ತಕದ ಬಾಕಿ ಪಕ್ಕ ಇಡಿ. ಪುಸ್ತಕದ ಅಂಕಿ ತೀರಾ ಕಡಿಮೆ ಇದ್ದರೆ ಇನ್‌ಕ್ರಿಮೆಂಟಿನ ಪಾಲು ಬಿಟ್ಟುಹೋಗಿದೆ ಅಂತಲೇ ಅನುಮಾನ ಪಡಿ. ಆಕ್ಚುಅರಿ ಹಾಕುವ ಲೆಕ್ಕ ಬೇರೆ ಥರ, ಮಧ್ಯದಲ್ಲಿ ಬಿಟ್ಟುಹೋಗುವವರನ್ನೂ ಮುಂದಿನ ಸಂಬಳವನ್ನೂ ಊಹಿಸಿ ಮಾಡುತ್ತಾರೆ. ಸಣ್ಣ ಶಾಲೆಗೆ ಅಂದಾಜು ತಿಳಿಯಲು ಇಷ್ಟು ಸಾಕು.

ಪದದ ವಿಷಯ: ‘ಮೀಸಲು’ ಖಂಡಿತ ಬೇಡ, ಅದು ಲಾಭದಲ್ಲಿ ತೆಗೆದಿಟ್ಟ ರಿಸರ್ವ್‌ಗೆ ಇರಲಿ. ನಾನು ‘ಉಪದಾನ ಹೊಣೆಗೆ ಈ ವರ್ಷದ ಏರ್ಪಾಡು’ ಅಂತ ಬರೆಯುತ್ತೇನೆ.

ಹುಬ್ಬಳ್ಳಿಯಿಂದ: ಸರ್, ನನ್ನದೊಂದು ಕೇಳ್ರಿ. ನಾ ಒಂದು ಶಾಲೆ ಆಫೀಸಿನಾಗ ಆರು ವರ್ಷ ಏಳು ತಿಂಗಳು ಕೆಲಸ ಮಾಡಿ ಬಿಟ್ಟೆ. ಆರು ವರ್ಷಕ್ಕಷ್ಟೇ ಕೊಟ್ಟಾರ. ರಜೆ ದುಡ್ಡೂ ಇಲ್ಲ ಅಂದ್ರು. ಇದಕ್ಕ ಯಾವ ಪದ ಅದ ಕನ್ನಡದಾಗ?

ಮೈಸೂರಿನಿಂದ: ಆರು ತಿಂಗಳಿಗಿಂತ ಹೆಚ್ಚಿದ್ದರೆ ಪೂರ್ತಿ ವರ್ಷ ಅಂತ ಹಿಡಿಯಬೇಕು, ನಿಮಗೆ ಏಳು ವರ್ಷಕ್ಕೆ ಬರಬೇಕಿತ್ತು. ಬರೆದು ಕೇಳಿ. ರಜೆ ದುಡ್ಡು ನಿಮ್ಮ ಶಾಲೆಯ ಸೇವಾ ನಿಯಮ ನೋಡಿಯೇ ಹೇಳಬೇಕು.

ಆ ರಜೆಯ ಲೆಕ್ಕ ಬಜೆಟ್‌ನಲ್ಲಿ ಬೇರೆ ಸಾಲಿನಲ್ಲೇ ಇರಲಿ, ಗ್ರಾಚ್ಯುಟಿ ಜೊತೆ ಕಲಸಬೇಡಿ. ಗ್ರಾಚ್ಯುಟಿ ಬಾಕಿ ಸೇವೆ ಇರುವವರೆಗೆ ಏರುತ್ತಲೇ ಹೋಗುತ್ತದೆ. ರಜೆಯದ್ದು ಹಾಗಲ್ಲ. ಗುಮಾಸ್ತರೊಬ್ಬರ ಖಾತೆಯಲ್ಲಿ 60 ದಿನ ಗಳಿಕೆ ರಜೆ ಇದೆ, ಸಂಬಳ 26,000 ಅನ್ನಿ. 30 ದಿನದ ತಿಂಗಳು ಅಂತ ಹಿಡಿದರೆ ಬಾಕಿ 52,000. ಮಗಳ ಮದುವೆಗೆ ಅಂತ 15 ದಿನ ರಜೆ ಹಾಕಿದರೆ 13,000 ಇಳಿಯುತ್ತದೆ. ಅದಕ್ಕೇ ರಜೆ ರಿಜಿಸ್ಟರ್ ಸರಿ ಇಲ್ಲದೆ ಈ ಅಂಕಿ ಬರೆಯುವುದು ಸುಮ್ನೆ ಕಣ್ಣಳತೆ. ಬೇಸಿಗೆ ರಜೆ ಇರುವ ಮೇಷ್ಟ್ರುಗಳಿಗೆ ಗಳಿಕೆ ರಜೆ ಹೇಗೂ ಕಡಿಮೆ.

ಮಂಗಳೂರಿನಿಂದ: ‘ಏರ್ಪಾಡು’ ಅಂದರೆ ನಮ್ಮಲ್ಲಿ ಊಟದ ಏರ್ಪಾಡು, ಬಸ್ಸಿನ ಏರ್ಪಾಡು. ಓದಿದವರು ಮತ್ತೆ ದುಡ್ಡು ರೆಡಿ ಇದೆ ಅಂತಲೇ ತಿಳಿಯುತ್ತಾರೆ. ‘ಕೊಡಬೇಕಾದ ಉಪದಾನ: ಈ ವರ್ಷ ಸೇರಿದ್ದು’ ಅಂತ ನೇರವಾಗಿ ಬರೆದರೆ ಏನು ಕಷ್ಟ?

ಕೇಳಿದವನಿಂದ: ಮಂಗಳೂರಿನವರ ಮಾತು ನನಗೆ ಹಿಡಿಸಿತು, ಆದರೆ ಕಾಲಂಗೆ ಉದ್ದವಾಯ್ತು. ಸದ್ಯಕ್ಕೆ ಮೂರು ಕಾಲಂ ಮಾಡುತ್ತೇನೆ: ಹಿಂದಿನ ಬಾಕಿ, ಈ ವರ್ಷ ಸೇರಿದ್ದು, ಈ ವರ್ಷ ಕೊಡುವುದು. ರಿಟೈರ್ ಆಗುವವರ ಮೊತ್ತ ಬಾಕಿಯಿಂದ ಕಳೆಯುತ್ತದೆ, ಎರಡನೇ ಸಲ ಖರ್ಚಿಗೆ ಬೀಳುವುದಿಲ್ಲ. ಇನ್ನೊಂದು ಪ್ರಶ್ನೆ. ಎಲ್‌ಐಸಿಯ ಗ್ರೂಪ್ ಗ್ರಾಚ್ಯುಟಿಗೆ ಸೇರೋಣ ಅಂತ ಮಾತು ನಡೆದಿದೆ. ಆಗ ಕಟ್ಟುವುದಕ್ಕೆ ಏನನ್ನಬೇಕು?

ಮೈಸೂರಿನಿಂದ: ಆಗ ನಿಜವಾಗಿಯೂ ದುಡ್ಡು ಹೊರಗೆ ಹೋಗಿ ನಿಧಿಯಲ್ಲಿ ಕೂರುತ್ತದೆ. ‘ಉಪದಾನ ನಿಧಿಗೆ ವಂತಿಗೆ’ ಅನ್ನಿ. ಲ್ಯಾಬ್ ಕಟ್ಟಿಸೋಣ ಅಂದವರಿಗೂ ಆ ದುಡ್ಡು ಕೈಗೆ ಸಿಗುವುದಿಲ್ಲ.