ಪೇಪರಿನಲ್ಲಿ ಮೊದಲ ಹೆಸರು ಯಾರದ್ದು? ಗೈಡ್ ಜೊತೆ ಜಗಳ ಆದವರು ಅನುಭವ ಹೇಳಿ

ಕೇಳಿದವರು: ತೀರ್ಥಹಳ್ಳಿ ಹುಡುಗಿ
ಅಡಿಕೆ ಎಲೆಚುಕ್ಕೆ ರೋಗದ ಮೇಲೆ ಪಿಎಚ್‌ಡಿ, ಈಗ ಐದನೇ ವರ್ಷ. ಮೂರು ಮಳೆಗಾಲ ತೋಟ ತಿರುಗಿ ಎಲೆ ತಂದವಳು ನಾನು, ಪೇಪರ್ ಬರೆದವಳೂ ನಾನು. ಈಗ ಗೈಡ್ ಮೊದಲ ಹೆಸರು ತಮ್ಮ ಹಳೇ ವಿದ್ಯಾರ್ಥಿಯದ್ದಿರಲಿ ಅಂತಾರೆ. ಥೀಸಿಸ್ ಅಧ್ಯಾಯ ಕೊಟ್ಟು ಏಳು ತಿಂಗಳಾಯಿತು, ಓದಿಲ್ಲ. ಇನ್ನೂ ಎರಡು ಪೇಪರ್ ಬೇಕಂತೆ. ಗೈಡ್ ಬದಲಾಯಿಸಲಾ?

ಸಾಗರದವನು
ಬದಲಾಯಿಸುವ ಮೊದಲು ನನ್ನ ಕಥೆ ಕೇಳಿ. ನಾಲ್ಕನೇ ವರ್ಷದಲ್ಲಿ ನಾನು ಬದಲಾಯಿಸಿದೆ. ಹಳೇ ಗೈಡ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಐದು ತಿಂಗಳು ಓಡಾಡಿಸಿದರು. ಫೆಲೋಶಿಪ್‌ಗೆ ಪ್ರತಿ ತಿಂಗಳು ವಿಭಾಗದಿಂದ ದೃಢೀಕರಣ ಹೋಗಬೇಕು, ಅಲ್ವಾ? ಆ ಐದು ತಿಂಗಳು ಅದು ಹೋಗಲೇ ಇಲ್ಲ. ಶಿವಮೊಗ್ಗದಲ್ಲಿ ರೂಮ್ ಬಾಡಿಗೆಗೆ ಅಪ್ಪನ ಹತ್ತಿರ ಕೈ ಚಾಚಿದೆ.

ಅದಕ್ಕಿಂತ ನೋವಾಗಿದ್ದು ಬೇರೆ. ನಾನು ಬೆಳೆಸಿದ 48 ಶಿಲೀಂಧ್ರ ಕಲ್ಚರ್‌ಗಳು ಹಳೇ ಲ್ಯಾಬಿನ ಫ್ರಿಡ್ಜ್‌ನಲ್ಲೇ ಉಳಿದವು. ಕೇಳಿದರೆ "ಅವು ಲ್ಯಾಬಿನ ಆಸ್ತಿ" ಅಂದರು. ಮತ್ತೆ ಆಗುಂಬೆ ಕಡೆ ಹೋಗಿ ಎಲೆ ತಂದು, ಮತ್ತೆ ಬೆಳೆಸಿ, ಮತ್ತೆ ಸೀಕ್ವೆನ್ಸಿಂಗ್‌ಗೆ ಕಳಿಸಿದೆ. ಒಂದೊಂದಕ್ಕೆ ಏಳುನೂರು ರೂಪಾಯಿ, ಕೈಯಿಂದಲೇ. ಮೊದಲ ಸಲ ಕಳಿಸಿದ ಡಿಎನ್‌ಎ ಸ್ವಚ್ಛ ಇರಲಿಲ್ಲ, ಹನ್ನೆರಡು ಕೆಟ್ಟು ವಾಪಸ್ ಬಂದವು. ಒಟ್ಟು ಹದಿನಾಲ್ಕು ತಿಂಗಳು ಹೋಯಿತು. ಡಿಗ್ರಿ ಬಂತು, ನಿಜ. ಆದರೆ ಆ ಹೊತ್ತಿಗೆ ಅರ್ಜಿ ಹಾಕಬೇಕಾಗಿದ್ದ ಎರಡು ಕೆಲಸ ಕೈತಪ್ಪಿದ್ದವು.

ಹೊಳೆಹೊನ್ನೂರಿನವರು
ಇಷ್ಟು ಕಷ್ಟ ಯಾಕೆ? ನಾನು ಬಗ್ಗಿದೆ. ಎರಡನೇ ಹೆಸರಿಗೆ ಒಪ್ಪಿದೆ, ಅವರು ಅದೇ ವಾರ ಅಧ್ಯಾಯ ಓದಿ ಕೊಟ್ಟರು, ಎಂಟು ತಿಂಗಳಲ್ಲಿ ವೈವಾ ಮುಗಿಯಿತು. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಮನೆ ಸಾಲ ಕಟ್ಟುತ್ತೇನೆ. ಹೆಸರಿನ ಹಠ ಹಿಡಿದವರು ಇನ್ನೂ ಲ್ಯಾಬಿನಲ್ಲೇ ಇದ್ದಾರೆ. ಮತ್ತೆ, ಯುಜಿಸಿ 2022ರಲ್ಲಿ ಪೇಪರ್ ಕಡ್ಡಾಯ ಅನ್ನೋದನ್ನೇ ತೆಗೆದಿದೆ. ಇನ್ನೆರಡು ಪೇಪರ್ ಕೇಳಲು ಅವರಿಗೆ ಅಧಿಕಾರವೇ ಇಲ್ಲ. ಆ ಪೇಪರ್ ಬಿಟ್ಟುಬಿಡಿ.

ಸಾಗರದವನು
ನೀವು ಬಗ್ಗಿದ್ದಕ್ಕೇ ನಿಮ್ಮ ನಂತರ ಬಂದವರಿಗೂ ಅದೇ ಗತಿ ಆಗುತ್ತದೆ. ಮೂರು ವರ್ಷದ ಕೆಲಸವನ್ನು ಬಿಟ್ಟುಕೊಟ್ಟು, ಅದನ್ನೇ ಬೇರೆಯವರಿಗೂ ಹೇಳಿಕೊಡುತ್ತೀರಲ್ಲ!

ಹೊಳೆಹೊನ್ನೂರಿನವರು
ನನ್ನ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ ಇದ್ದೆ. ನಿಮಗೆ ಅಪ್ಪ ಬಾಡಿಗೆ ಕೊಟ್ಟರು, ನನಗೆ ಯಾರು ಕೊಡುತ್ತಿದ್ದರು? ಗೊತ್ತಿಲ್ಲದೆ ಮಾತಾಡಬೇಡಿ.

ಕೊಪ್ಪದ ನಿವೃತ್ತ ಮೇಷ್ಟ್ರು
ಇಬ್ಬರೂ ಸ್ವಲ್ಪ ತಡೆಯಿರಿ. 2022ರ ನಿಯಮ ಎಲ್ಲರಿಗೂ ಅನ್ವಯಿಸುವುದಿಲ್ಲ. ಅದು ಜಾರಿಗೆ ಬಂದಿದ್ದು ಆ ವರ್ಷದ ನವೆಂಬರ್‌ನಲ್ಲಿ. ಅದಕ್ಕೂ ಮೊದಲು ನೋಂದಣಿ ಆದವರಿಗೆ ಹಳೇ ನಿಯಮವೇ. 2016ರ ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಒಂದು ಪೇಪರ್ ಪ್ರಕಟ ಆಗಿರಬೇಕು, ಸಮ್ಮೇಳನಗಳಲ್ಲಿ ಎರಡು ಸಲ ಮಂಡಿಸಿರಬೇಕು. ಇದಕ್ಕಿಂತ ಹೆಚ್ಚು ಬೇಕು ಅಂದರೆ ನಿಮ್ಮ ವಿಶ್ವವಿದ್ಯಾಲಯದ ನಿಯಮದಲ್ಲಿ ಎಲ್ಲಿದೆ ಅಂತ ಕೇಳಿ, ಬರಹದಲ್ಲಿ ಕೇಳಿ. ನೀವು ನೋಂದಣಿ ಆಗಿದ್ದು ಯಾವಾಗಮ್ಮಾ?

ತೀರ್ಥಹಳ್ಳಿ ಹುಡುಗಿ
2022ರ ಜನವರಿ, ಸರ್.

ಕೊಪ್ಪದ ನಿವೃತ್ತ ಮೇಷ್ಟ್ರು
ಹಾಗಾದರೆ ಈ ಪೇಪರನ್ನು ಬಿಡಬೇಡಿ, ಇದೇ ನಿಮ್ಮ ಆ ಒಂದು ಪೇಪರ್. ಥೀಸಿಸ್ ಕೊಡಲು ಗಡುವು ಆರು ವರ್ಷ, ಅಂದರೆ 2028ರ ಜನವರಿ. ಹೆಣ್ಣುಮಕ್ಕಳಿಗೆ ಇನ್ನೆರಡು ವರ್ಷ ಸಡಿಲಿಕೆ ಇದೆ. ಹಾಗಾಗಿ ಗಾಬರಿಯಲ್ಲಿ ಗೈಡ್ ಬದಲಾಯಿಸಬೇಡಿ.

ಹೆಸರಿನ ವಿಷಯಕ್ಕೆ ಬರುತ್ತೇನೆ. ನಮ್ಮ ವಿಭಾಗದಲ್ಲೂ ಇದೇ ಜಗಳ ಆಗಿತ್ತು. ಹುಡುಗ 60 ಸ್ಯಾಂಪಲ್ ತಂದಿದ್ದ. ಸೀನಿಯರ್ ಅವನಿಗೆ ಶಿಲೀಂಧ್ರ ಬೇರ್ಪಡಿಸುವುದನ್ನು ಕಲಿಸಿದ್ದ, ಒಂಬತ್ತು ಸ್ಯಾಂಪಲ್‌ಗೆ ಪಿಸಿಆರ್ ಮಾಡಿಕೊಟ್ಟಿದ್ದ. ಇಬ್ಬರೂ "ನನ್ನದೇ ಕೆಲಸ" ಅನ್ನುತ್ತಿದ್ದರು. ನಾನು ಒಂದು ಹಾಳೆ ಕೊಟ್ಟೆ. ಯೋಚನೆ ಯಾರದ್ದು, ತೋಟ ತಿರುಗಿದ್ದು ಯಾರು, ಬೆಳೆಸಿದ್ದು ಯಾರು, ಲೆಕ್ಕ ಹಾಕಿದ್ದು ಯಾರು, ಮೊದಲ ಕರಡು ಬರೆದಿದ್ದು ಯಾರು. ಪ್ರತಿಯೊಂದರ ಎದುರು ಹೆಸರು, ಜೊತೆಗೆ ಲ್ಯಾಬ್ ಪುಸ್ತಕದ ಪುಟ ಸಂಖ್ಯೆ. ತುಂಬಿಸುವಾಗಲೇ ಸೀನಿಯರ್‌ನ ದನಿ ತಗ್ಗಿತು. ಎರಡನೇ ಹೆಸರಿಗೆ ಒಪ್ಪಿದ.

ನೀವೂ ಅದನ್ನೇ ಮಾಡಿ. ಹಾಳೆಯನ್ನು ಗೈಡ್‌ಗೂ ಆ ಹಳೇ ವಿದ್ಯಾರ್ಥಿಗೂ ಇಮೇಲ್‌ನಲ್ಲಿ ಕಳಿಸಿ. ಬೈಗುಳ ಬೇಡ, "ನನ್ನ ತಿಳಿವಳಿಕೆ ಇದು, ತಪ್ಪಿದ್ದರೆ ತಿದ್ದಿ" ಅಂತ ಮಾತ್ರ. ಲ್ಯಾಬ್ ಪುಸ್ತಕದ ಫೋಟೊ, ಕರಡಿನ ಹಳೇ ಫೈಲುಗಳನ್ನು ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ. ಒಂದು ಮಾತು ನೆನಪಿರಲಿ: ಜರ್ನಲ್‌ನವರು ಈ ಜಗಳ ತೀರಿಸಲ್ಲ. ಪೇಪರನ್ನು ಅಲ್ಲೇ ತಡೆದು, ನಿಮ್ಮ ಸಂಸ್ಥೆಯಲ್ಲಿ ಬಗೆಹರಿಸಿಕೊಂಡು ಬನ್ನಿ ಅಂತಾರೆ. ಅದಕ್ಕೇ ಕಳಿಸುವ ಮೊದಲೇ ಮಾತು ಮುಗಿಯಬೇಕು.

ಹೊಸನಗರದ ತೋಟದವನು
ಎಲ್ಲರೂ ಹೆಸರು ಹೆಸರು ಅಂತಿದ್ದೀರಿ. ನಮ್ಮ ಎರಡು ಎಕರೆ ತೋಟಕ್ಕೂ ಒಬ್ಬರು ಬಂದು ಎಲೆ ಕೊಯ್ದುಕೊಂಡು ಹೋದರು. ಅರ್ಧ ದಿನ ಜೊತೆಗೆ ತಿರುಗಿದೆ, ಮನೆಯಲ್ಲಿ ಊಟ ಹಾಕಿದೆ. ಮೂರು ವರ್ಷ ಆಯಿತು, ಏನು ಸಿಕ್ಕಿತು ಅಂತ ಒಂದು ಫೋನ್ ಇಲ್ಲ. ನಾನು ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋವನ್ನೇ ಇದಕ್ಕೂ ಹೊಡೆಯುತ್ತಿದ್ದೇನೆ. ಸರಿಯೋ ತಪ್ಪೋ ಹೇಳುವವರಿಲ್ಲ. ಈ ವರ್ಷ ಮೇಲಿನ ಸಾಲು ಪೂರ್ತಿ ಒಣಗಿದೆ.

ಸಾಗರದವನು
ಅಣ್ಣ, ನಾವು ನಿಮ್ಮ ಹೆಸರನ್ನು ಕೃತಜ್ಞತೆ ಭಾಗದಲ್ಲಿ ಹಾಕುತ್ತೇವೆ.

ಹೊಸನಗರದ ತೋಟದವನು
ಅದನ್ನು ನನಗೆ ಓದಲು ಕೊಟ್ಟಿದ್ದೀರಾ? ಇಂಗ್ಲಿಷ್‌ನಲ್ಲಿ ನನ್ನ ಹೆಸರಿದ್ದರೆ ಮರ ಉಳಿಯುತ್ತದಾ?

ಹೊಳೆಹೊನ್ನೂರಿನವರು
ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಮೇಷ್ಟ್ರೇ, ನಿಮ್ಮ ಹಾಳೆ ಕೆಲಸ ಮಾಡಿದ್ದು ಕೇಳಿದವರು ನೀವಾಗಿದ್ದಕ್ಕೆ. ವಿದ್ಯಾರ್ಥಿನಿ ಕಳಿಸಿದರೆ ಗೈಡ್‌ಗೆ ಅದು ಯುದ್ಧ ಸಾರಿದ ಹಾಗೆ ಕಾಣುತ್ತದೆ. ಅಧ್ಯಾಯ ಇನ್ನೂ ಏಳು ತಿಂಗಳು ಮೇಜಿನ ಮೇಲೆ ಕೂರುತ್ತದೆ.

ಕೊಪ್ಪದ ನಿವೃತ್ತ ಮೇಷ್ಟ್ರು
ಆ ಭಯ ನಿಜ, ಅಲ್ಲ ಅನ್ನಲ್ಲ. ಅದಕ್ಕೇ ತಡದ ವಿಷಯವನ್ನು ಬೇರೆ ದಾರಿಯಲ್ಲಿ ಹೇಳಬೇಕು. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿ ಮುಂದೆ ಪ್ರಗತಿ ಹೇಳಬೇಕಲ್ಲ, ಅಲ್ಲಿ "ಇಂಥ ತಾರೀಖು ಅಧ್ಯಾಯ ಕೊಟ್ಟಿದ್ದೇನೆ, ಸಲಹೆಗೆ ಕಾಯುತ್ತಿದ್ದೇನೆ" ಅಂತ ಒಂದೇ ಸಾಲು ವರದಿಯಲ್ಲಿ ಹಾಕಿ. ದೂರು ಅನ್ನಿಸಲ್ಲ, ಆದರೆ ದಾಖಲಾಗುತ್ತದೆ. ಆಮೇಲೂ ಅಲುಗಾಡದಿದ್ದರೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇದೆ. 2023ರ ನಿಯಮದ ಪ್ರಕಾರ ಅವರು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆ ಆಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ.

ಸಾಗರದವನು
ಸಮಿತಿಯಲ್ಲಿ ಕೂರುವವರೂ ಗೈಡ್‌ನ ಜೊತೆಯವರೇ ಅಲ್ವಾ, ಸರ್? ನನ್ನ ಸಲ ಒಬ್ಬರೂ ಬಾಯಿ ಬಿಡಲಿಲ್ಲ.

ತೀರ್ಥಹಳ್ಳಿ ಹುಡುಗಿ
ಇವತ್ತು ರಾತ್ರಿ ಹಾಳೆ ತುಂಬಿಸುತ್ತೇನೆ. ಲೆಕ್ಕ ಹಾಕಿದ್ದರಲ್ಲಿ ಆ ಹಳೇ ವಿದ್ಯಾರ್ಥಿಯ ಪಾಲೂ ಇದೆ, ಅದನ್ನೂ ಬರೆಯುತ್ತೇನೆ. ಕಳಿಸುವುದೋ ಬೇಡವೋ ಇನ್ನೂ ಧೈರ್ಯ ಬಂದಿಲ್ಲ. ಹೊಸನಗರದ ಅಣ್ಣ, ಬಿದ್ದ ಸೋಗೆ ತೋಟದಲ್ಲೇ ಬಿಡಬೇಡಿ, ಚುಕ್ಕೆ ಇರುವ ಎಲೆ ಕೊಯ್ದು ಸುಡಿ. ನಿಮ್ಮ ತೋಟ ಯಾವ ಕಡೆ? ಭಾನುವಾರ ಬರಬಹುದಾ?