ಪದಚರ್ಚೆ: ರಿಮೋಟ್‌ನ ‘ಲಾಂಗ್ ಪ್ರೆಸ್’ಗೆ ಕನ್ನಡದಲ್ಲಿ ಏನು ಹೇಳೋಣ?

ಎಲ್ಲರಿಗೂ ನಮಸ್ಕಾರ.

ಬ್ರಹ್ಮಾವರದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಟಿವಿ ರಿಮೋಟ್ ಬಗ್ಗೆ ಒಂದು ಹಾಳೆ ಬರೆದುಕೊಡುತ್ತಿದ್ದೇನೆ. ಅವರ ರಿಮೋಟ್‌ನಲ್ಲಿ ಸೆಟ್ಟಿಂಗ್ಸ್ ಬಟನ್ ಒತ್ತಿ ಬಿಟ್ಟರೆ ಚಿಕ್ಕ ಪಟ್ಟಿ ಬರುತ್ತದೆ. ಬಿಡದೆ ಹಿಡಿದರೆ ಪೂರ್ತಿ ಪಟ್ಟಿ. ಇದು ಬಟನ್ ಮೇಲೆ ಎಲ್ಲೂ ಬರೆದಿಲ್ಲ.

ಮೊದಲು ‘ದೀರ್ಘವಾಗಿ ಒತ್ತಿ’ ಎಂದು ಬರೆದೆ. ದೊಡ್ಡಮ್ಮ ಉಗುರು ಬೆಳ್ಳಗಾಗುವಷ್ಟು ಜೋರಾಗಿ ಒತ್ತಿ, ತಕ್ಷಣ ಬಿಟ್ಟರು. ‘ಜಾಸ್ತಿ ಹೊತ್ತು ಒತ್ತಿ’ ಎಂದು ತಿದ್ದಿದೆ. ಈಗ ಟಕ್ ಟಕ್ ಎಂದು ಏಳೆಂಟು ಸಲ ಒತ್ತಿದರು. ‘ಒತ್ತಿ ಹಿಡಿಯಿರಿ’ ಎಂದರೆ “ಏನನ್ನು ಹಿಡಿಯುವುದು ಮಗಾ, ರಿಮೋಟನ್ನಾ?” ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ನೀವೆಲ್ಲ ಏನು ಹೇಳುತ್ತೀರಿ?

*ಮಣಿಪಾಲದಿಂದ:*

‘ಅದುಮಿ’ ಎನ್ನಿ, ಸಾಕು. ‘ಒತ್ತು’ ಎಂದರೆ ಕ್ಷಣದ ಕೆಲಸ. ‘ಅದುಮು’ ಎಂದರೆ ಅಲ್ಲೇ ನಿಲ್ಲುವುದು. ಅಲ್ಲದೆ ಬಲವಾಗಿ ಅದುಮಿದರೆ ಸಿಗ್ನಲ್ಲೂ ಜೋರಾಗಿ ಹೋಗುತ್ತದೆ.

*ಕೇಳಿದವನಿಂದ:*

‘ಅದುಮು’ ಚೆನ್ನಾಗಿದೆ ಸರ್. ಆದರೆ ‘ಒತ್ತು’ ಕ್ಷಣದ್ದು ಎನ್ನುವುದು ಸರಿ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಒತ್ತು ಶ್ಯಾವಿಗೆ ಮಾಡುವಾಗ ಒಂದೇ ಸಲ ಒತ್ತಿ ಬಿಡುವುದಿಲ್ಲ, ಹಿಟ್ಟು ಪೂರ್ತಿ ಇಳಿಯುವವರೆಗೆ ಒತ್ತುತ್ತಲೇ ಇರುತ್ತೇವೆ.

*ಮಂಗಳೂರಿನಿಂದ:*

ನಾನು ಟಿವಿ ರಿಪೇರಿ ಮಾಡುವವನು. ಬಲಕ್ಕೂ ಸಿಗ್ನಲ್‌ಗೂ ಸಂಬಂಧ ಇಲ್ಲ. ಒಳಗಿನ ರಬ್ಬರ್ ಪ್ಯಾಡ್ ಬೋರ್ಡ್‌ಗೆ ತಾಗಿತು ಅಂದರೆ ಆಯಿತು. ಮೇಲೆ ಎಷ್ಟು ಒತ್ತಿದರೂ ಅಷ್ಟೇ.

ಹಳೇ ರೀತಿಯ ಇನ್ಫ್ರಾರೆಡ್ ರಿಮೋಟ್‌ನಲ್ಲಿ ಬೆರಳು ಇಟ್ಟೇ ಇದ್ದರೆ, ಅದು ‘ಇನ್ನೂ ಒತ್ತಿಕೊಂಡಿದ್ದಾರೆ’ ಎಂಬ ಸುದ್ದಿಯನ್ನು ಮತ್ತೆ ಮತ್ತೆ ಕಳಿಸುತ್ತದೆ. ತುಂಬಾ ಕಡೆ ಬಳಸುವ ಎನ್‌ಇಸಿ ಪದ್ಧತಿಯಲ್ಲಿ ಸೆಕೆಂಡಿಗೆ ಹೆಚ್ಚುಕಮ್ಮಿ 9 ಸಲ. ಅದು ಸ್ವಲ್ಪ ಹೊತ್ತು ತಪ್ಪದೆ ಬಂದರೆ ಟಿವಿ ಇದನ್ನು ಬೇರೆ ಕೆಲಸ ಎಂದು ತಿಳಿಯುತ್ತದೆ. ನಡುವೆ ಕಡಿದರೆ ಹೊಸದಾಗಿ ಒತ್ತಿದ ಲೆಕ್ಕ. ಸೆಲ್ ವೀಕ್ ಆದಾಗ, ಪ್ಯಾಡ್‌ಗೆ ಎಣ್ಣೆಜಿಡ್ಡು ಹಿಡಿದಾಗ ಹೀಗಾಗುತ್ತದೆ. ಪಟ್ಟಿ ಬಂದು ಹೋಗಿ, ಬಂದು ಹೋಗಿ ಮಾಡುತ್ತದೆ. ನೋಡಬೇಕಿದ್ದರೆ ಮೊಬೈಲ್‌ನ ಸೆಲ್ಫಿ ಕ್ಯಾಮೆರಾದ ಎದುರು ರಿಮೋಟ್‌ನ ಮೂತಿ ಹಿಡಿದು ಬಟನ್ ಒತ್ತಿ. ಹೆಚ್ಚಿನ ಫೋನ್‌ಗಳಲ್ಲಿ ಬೆಳಕು ಮಿನುಗುವುದು ಕಾಣುತ್ತದೆ. ನೀವು ಬೆರಳು ತೆಗೆಯದೆಯೇ ಮಿನುಗು ನಿಂತರೆ ದೊಡ್ಡಮ್ಮನದು ತಪ್ಪಲ್ಲ, ರಿಮೋಟ್‌ನದು.

ಹಾಗಾಗಿ ಪದದಲ್ಲಿ ಬರಬೇಕಾದ್ದು ಬಲವಲ್ಲ, ‘ಬಿಡದಿರುವುದು’. ಅಂಗಡಿಗೆ ಬಂದವರಿಗೆ ನಾನು ಹೇಳುವುದು, “ಒತ್ತಿ, ಬಿಡಬೇಡಿ.”

*ಸುರತ್ಕಲ್‌ನಿಂದ:*

ನಮ್ಮ ಮನೆಯಲ್ಲೂ ಇದೇ ತೊಂದರೆ. ಕೆಳಗೆ ಕೆಂಪು, ಹಸಿರು, ಹಳದಿ, ನೀಲಿ ಬಟನ್ ಇವೆ. ಹಳದಿಯನ್ನು ನಮ್ಮ ಅಮ್ಮ ‘ಅರಸಿನ ಬಟನ್’ ಅಂತಾರೆ. ಅದನ್ನು ಎಷ್ಟು ಹೊತ್ತು ಹಿಡಿದರೂ ಏನೂ ಆಗುವುದಿಲ್ಲ. ಹಾಳಾಗಿದೆಯಾ?

*ಮಂಗಳೂರಿನಿಂದ:*

ಹಾಳಾಗಿರಲಿಕ್ಕಿಲ್ಲ. ಅದು ಬೇರೆ ವಿಷಯ. ಬಣ್ಣದ ಬಟನ್‌ಗಳಿಗೆ ಸ್ವಂತ ಕೆಲಸ ಅಂತ ಇಲ್ಲ. ಪರದೆಯಲ್ಲಿ ಅದೇ ಬಣ್ಣದ ಚುಕ್ಕೆ, ಪಕ್ಕದಲ್ಲಿ ಒಂದು ಪದ ಕಂಡರೆ ಆಗ ಅದರ ಕೆಲಸ ಅದು. ಚಾನೆಲ್ ಪಟ್ಟಿಯಲ್ಲಿ ಒಂದು, ಪೆನ್‌ಡ್ರೈವ್ ನೋಡುವಾಗ ಇನ್ನೊಂದು. ಚುಕ್ಕೆ ಇಲ್ಲದಿದ್ದರೆ ಒತ್ತಿ ಪ್ರಯೋಜನ ಇಲ್ಲ. ಟಿವಿ ಪರದೆಯಲ್ಲೇ ಅಕ್ಷರದ ಪುಟಗಳನ್ನು ಓದುತ್ತಿದ್ದ ಟೆಲಿಟೆಕ್ಸ್ಟ್ ಕಾಲದಿಂದ ಉಳಿದುಬಂದ ಪದ್ಧತಿ ಇದು. ಸ್ಯಾಮ್‌ಸಂಗ್‌ನ ಕೆಲವು ಚಿಕ್ಕ ರಿಮೋಟ್‌ಗಳಲ್ಲಿ ಈ ನಾಲ್ಕು ಬಟನ್ ಇಲ್ಲವೇ ಇಲ್ಲ. 123 ಎಂದು ಬರೆದ ಬಟನ್ ಮತ್ತೆ ಮತ್ತೆ ಒತ್ತಿದರೆ ಅವು ಪರದೆಯ ಮೇಲೆ ಬರುತ್ತವೆ.

*ಕೇಳಿದವನಿಂದ:*

ಮಂಗಳೂರಿನ ಅಣ್ಣ ಹೇಳಿದ ಹಾಗೆ ಹಾಳೆ ತಿದ್ದಿದೆ: ‘ಸೆಟ್ಟಿಂಗ್ಸ್ ಬಟನ್ ಒತ್ತಿ. ದೊಡ್ಡ ಪಟ್ಟಿ ಬರುವವರೆಗೆ ಬೆರಳು ತೆಗೆಯಬೇಡಿ.’ ದೊಡ್ಡಮ್ಮನಿಗೆ ಮೊದಲ ಸಲಕ್ಕೇ ಸರಿಯಾಯಿತು. ಎಷ್ಟು ಸೆಕೆಂಡು ಅಂತ ಎಣಿಸುವುದೂ ಬೇಡ, ಪಟ್ಟಿಯೇ ಹೇಳುತ್ತದೆ. ಹಾಳೆ ಬರೆಯುವವರಿಗೆ ‘ಬರುವವರೆಗೆ’ ಎಂಬ ಮಾತು ‘ದೀರ್ಘವಾಗಿ’ಗಿಂತ ಹೆಚ್ಚು ಉಪಯೋಗ ಎಂದು ನನಗೆ ಕಾಣುತ್ತದೆ.

ಆದರೆ ಇದು ವಾಕ್ಯವಾಯಿತು, ಹೆಸರಾಗಲಿಲ್ಲ. ಹಾಳೆಯ ತಲೆಬರಹಕ್ಕೆ ಒಂದು ಹೆಸರು ಬೇಕು. ‘ಬಿಡದೊತ್ತು’ ಹೇಗೆ?

*ಮಣಿಪಾಲದಿಂದ:*

ಬಲದ ಮಾತು ಹಿಂತೆಗೆದುಕೊಂಡೆ. ‘ಬಿಡದೊತ್ತು’ ಓದುವಾಗ ‘ಬಿಡದ ಹೊತ್ತು’ ಎಂದು ಕೇಳುತ್ತದೆ. ನನ್ನದು ಈಗಲೂ ‘ಅದುಮಿಡು’.