ಚೀನಾ ರೇಷ್ಮೆಗೆ ಸುಂಕವೋ, ಕೋಟಾವೋ?

ಪ್ರಶ್ನೆ – ರೇಷ್ಮೆ ಬೆಳೆಗಾರ, ಮಳವಳ್ಳಿ
ಹೊರಗಿನ ರೇಷ್ಮೆ ಅಗ್ಗವಾಗಿ ಬಂದಾಗ ನಮ್ಮ ಗೂಡಿನ ಬೆಲೆ ಬೀಳುತ್ತದೆ. ಸುಂಕ ಏರಿಸಲಿ ಎಂದು ಕೆಲವರು, ವರ್ಷಕ್ಕೆ ಇಂತಿಷ್ಟೇ ಟನ್ ಬರಲಿ ಎಂದು ಕೆಲವರು. ಮನವಿಯಲ್ಲಿ ಯಾವುದನ್ನು ಬರೆಯೋಣ ಸರ್?

ನಿವೃತ್ತ ಕಸ್ಟಮ್ಸ್ ಅಧಿಕಾರಿ, ಮೈಸೂರು
ಸುಂಕವನ್ನೇ ಬರೆಯಿರಿ ಎನ್ನುತ್ತೇನೆ. ಲೆಕ್ಕಕ್ಕಾಗಿ ಒಂದು ಬೆಲೆ ಇಟ್ಟುಕೊಳ್ಳೋಣ. ಚೀನಾದ ಕಚ್ಚಾ ರೇಷ್ಮೆ ನಮ್ಮ ಬಂದರಿಗೆ ಕಿಲೋಗೆ 4,000 ರೂಪಾಯಿಗೆ ಬಂದಿಳಿಯಿತು. ಶೇ 15 ಸುಂಕವೆಂದರೆ 600 ರೂಪಾಯಿ. ಉಳಿದ ತೆರಿಗೆಗಳನ್ನು ಬಿಟ್ಟರೆ ಮಾರುಕಟ್ಟೆಯಲ್ಲಿ 4,600. ಗೂಡಿನಿಂದ ನೂಲು ತೆಗೆಯುವ ಇಲ್ಲಿಯ ರೀಲರ್ ಕೂಡ ಅದೇ ಗುಣಮಟ್ಟದ ನೂಲನ್ನು ಅದರ ಆಸುಪಾಸಿನಲ್ಲಿ ಮಾರಬಲ್ಲ, ಆದ್ದರಿಂದ ನಿಮ್ಮ ಗೂಡಿಗೂ ಹೆಚ್ಚು ಕೊಡಬಲ್ಲ. ಅರ್ಧ ಕಿಲೋ ರೇಷ್ಮೆ ಹಿಡಿಯುವ ಸೀರೆಯಾದರೆ ಕೊಳ್ಳುವವರ ಮೇಲೆ 300 ರೂಪಾಯಿ ಬೀಳುತ್ತದೆ. ಆಮದಾದ ಪ್ರತಿ ಕಿಲೋದ 600 ರೂಪಾಯಿ ಬೊಕ್ಕಸ ಸೇರುತ್ತದೆ.

ಈಗ ಸುಂಕ ತೆಗೆದು ಕೋಟಾ ಹಾಕಿ, ಅಂದರೆ ಬೆಲೆ 4,600ಕ್ಕೇ ನಿಲ್ಲುವಷ್ಟು ಮಾಲು ತರಲು ಮಾತ್ರ ಪರವಾನಗಿ ಕೊಡಿ. ನಿಮಗೆ ಸಿಗುವುದೂ ಅಷ್ಟೇ, ಸೀರೆ ಕೊಳ್ಳುವವರು ಕೊಡುವುದೂ ಅಷ್ಟೇ. ಆದರೆ ಆ 600 ರೂಪಾಯಿ ಪರವಾನಗಿ ಹಿಡಿದವನ ಜೇಬಿಗೆ ಹೋಗುತ್ತದೆ. 4,000ಕ್ಕೆ ತಂದು 4,600ಕ್ಕೆ ಮಾರುವುದಷ್ಟೇ ಅವನ ಕೆಲಸ. ಪರವಾನಗಿಗಾಗಿ ಕಚೇರಿಗಳ ಬಾಗಿಲಲ್ಲಿ ನೂಕುನುಗ್ಗಲು ಆಗುವುದು ಇದಕ್ಕೇ.

ಅರ್ಥಶಾಸ್ತ್ರ ಉಪನ್ಯಾಸಕಿ, ಮಂಡ್ಯ
ಹಾಗಾದರೆ ರೈತರಿಗೂ ಗ್ರಾಹಕರಿಗೂ ಎರಡೂ ಒಂದೇ ಆಯಿತಲ್ಲ ಸರ್? ಹಣ ಯಾರ ಪಾಲು ಎಂಬುದಷ್ಟೇ ವ್ಯತ್ಯಾಸ.

ನಿವೃತ್ತ ಕಸ್ಟಮ್ಸ್ ಅಧಿಕಾರಿ
ಬೆಲೆ ಅಲುಗಾಡದೆ ನಿಂತಿರುವವರೆಗೆ ನಿಮ್ಮ ಮಾತು ಸರಿ ಮೇಡಂ. ಚೀನಾದ ಬೆಲೆ 3,400ಕ್ಕೆ ಇಳಿಯಿತು ಎನ್ನಿ. ಸುಂಕವಿದ್ದರೆ 510 ಸೇರಿ ಇಲ್ಲಿ 3,910 ಆಗುತ್ತದೆ. ರೈತನಿಗೆ ಪೆಟ್ಟು, ಗ್ರಾಹಕನಿಗೆ ಲಾಭ. ಕೋಟಾ ಇದ್ದರೆ ಬೆಲೆ 4,600ರಲ್ಲೇ ಇರುತ್ತದೆ, ಪರವಾನಗಿದಾರನ ಗಳಿಕೆ ಮಾತ್ರ 1,200ಕ್ಕೆ ಏರುತ್ತದೆ. ರೈತ ಸಂಘಗಳಿಗೆ ಕೋಟಾ ಹಿಡಿಸುವುದು ಈ ಕಾರಣಕ್ಕೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಚೀನಾದ ಬೆಲೆ 4,000ದಲ್ಲೇ ಇದ್ದು, ಇಲ್ಲಿ ಹುಳುವಿಗೆ ರೋಗ ಬಂದು ಗೂಡು ಕಡಿಮೆಯಾದ ವರ್ಷ ನೋಡಿ. ಸುಂಕ ಕಟ್ಟಿ ಎಷ್ಟು ಬೇಕಾದರೂ ತರಿಸಬಹುದು, ಬೆಲೆ 4,600 ದಾಟುವುದು ಕಷ್ಟ. ಕೋಟಾದಲ್ಲಿ ಒಂದು ಕಿಲೋ ಕೂಡ ಹೆಚ್ಚು ಬರುವಂತಿಲ್ಲ. ಬೆಲೆ ಎಲ್ಲಿಗೆ ಹೋಗಿ ನಿಲ್ಲುವುದೋ ಹೇಳಲಾಗದು.

ಬೇಳೆ ವ್ಯಾಪಾರಿ, ಮೈಸೂರು
ತೊಗರಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. 2017ರ ಆಗಸ್ಟ್‌ನಲ್ಲಿ ವರ್ಷಕ್ಕೆ 2 ಲಕ್ಷ ಟನ್ ಎಂದು ಮಿತಿ ಹಾಕಿದರು. ಆಗ ಬೇಳೆ ಬೆಲೆ ಏರಲೇ ಇಲ್ಲ. ಕೋಟಾದಿಂದ ಬೆಲೆ ಏರುತ್ತದೆ ಎನ್ನುವುದು ನಮ್ಮ ಅಂಗಡಿಯ ಮಟ್ಟಿಗೆ ಸುಳ್ಳು.

ನಿವೃತ್ತ ಕಸ್ಟಮ್ಸ್ ಅಧಿಕಾರಿ
ಹಿಂದಿನ ಹಂಗಾಮಿನ ಭಾರಿ ಬೆಳೆ ಗೋದಾಮುಗಳಲ್ಲಿ ಇನ್ನೂ ತುಂಬಿತ್ತು ಸ್ವಾಮಿ. ಊರೊಳಗೇ ಮಾಲು ಹೇರಳವಾಗಿದ್ದಾಗ ಕೋಟಾ ಹಾಕಿದರೂ ಅದು ಕಚ್ಚುವುದಿಲ್ಲ. 2019ರಲ್ಲಿ ಬೆಲೆ ಏರತೊಡಗಿದಾಗ ಸರ್ಕಾರವೇ ಮಿತಿಯನ್ನು 4 ಲಕ್ಷ ಟನ್‌ಗೆ ಹಿಗ್ಗಿಸಿತು, 2021ರ ಮೇ ತಿಂಗಳಲ್ಲಿ ಆಮದನ್ನು ಮುಕ್ತಗೊಳಿಸಿತು. ಹಿಗ್ಗಿಸುವ ಆದೇಶ ಹೊರಟು, ಪರವಾನಗಿ ಹಂಚಿ, ಹಡಗು ಬರುವಷ್ಟರಲ್ಲಿ ಅಡುಗೆಮನೆಗೆ ಬಿಸಿ ತಟ್ಟಿರುತ್ತದೆ.

ಗೃಹಿಣಿ, ಕುವೆಂಪುನಗರ
ನನ್ನ ಮಗಳು ಸಿಂಗಪುರದಿಂದ ಎರಡು ರೇಷ್ಮೆ ಸೀರೆ ತರುತ್ತಿದ್ದಾಳೆ. ಅದಕ್ಕೂ ಈ ಶೇ 15 ಕಟ್ಟಬೇಕೇ?

ನಿವೃತ್ತ ಕಸ್ಟಮ್ಸ್ ಅಧಿಕಾರಿ
ಇಲ್ಲಮ್ಮ, ಪ್ರಯಾಣಿಕರ ಸಾಮಾನಿಗೆ ಬೇರೆ ನಿಯಮವಿದೆ. ನಾವು ಮಾತನಾಡುತ್ತಿರುವುದು ವ್ಯಾಪಾರಕ್ಕೆ ಬರುವ ಕಚ್ಚಾ ರೇಷ್ಮೆಯ ಬಗ್ಗೆ.

ರೇಷ್ಮೆ ಬೆಳೆಗಾರ, ಮಳವಳ್ಳಿ
ಸುಂಕ ಒಮ್ಮೆ ಏರಿಸಿದರೂ ಇಳಿಸುವುದು ಅವರ ಕೈಯಲ್ಲೇ ಇದೆ ಸರ್. 2011ರ ಬಜೆಟ್‌ನಲ್ಲಿ ಶೇ 30 ಇದ್ದದ್ದನ್ನು ಒಂದೇ ಏಟಿಗೆ ಶೇ 5 ಮಾಡಿದರು. ಗೂಡಿನ ಬೆಲೆ ಕುಸಿದದ್ದನ್ನು ನಾವು ಮರೆತಿಲ್ಲ.

ನಿವೃತ್ತ ಕಸ್ಟಮ್ಸ್ ಅಧಿಕಾರಿ
ಆ ನೋವು ನಿಜ. 2021ರ ಬಜೆಟ್‌ನಲ್ಲಿ ಶೇ 10ರಿಂದ 15ಕ್ಕೆ ಏರಿಸಿದ್ದೂ ಅದೇ ಕೈ. ಆದರೆ ಸುಂಕದ ದರ ಬಜೆಟ್ ಪತ್ರದಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ, ನೀವು ಅದನ್ನು ಹಿಡಿದು ಕೇಳಬಹುದು. ಕೋಟಾದಲ್ಲಿ ಯಾರಿಗೆ ಎಷ್ಟು ಟನ್ ಸಿಕ್ಕಿತು, ಅವರು ಎಷ್ಟು ಉಳಿಸಿಕೊಂಡರು ಎಂದು ಹುಡುಕಿ ಸಾಕಾಗುತ್ತದೆ. ಜತೆಗೆ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳು ಪ್ರಮಾಣದ ಮಿತಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಭಾರತ ಇಂಥ ಮಿತಿಗಳ ಕೊನೆಯ ದೊಡ್ಡ ಕಂತನ್ನು ತೆಗೆದದ್ದು 2001ರ ಏಪ್ರಿಲ್‌ನಲ್ಲಿ.

ಪವರ್‌ಲೂಮ್ ನೇಕಾರ
ನಮ್ಮನ್ನು ಯಾರೂ ಕೇಳುತ್ತಿಲ್ಲ. ಹಾಸಿನ ಎಳೆ ಮಗ್ಗದ ಎಳೆತಕ್ಕೆ ತುಂಡಾಗಬಾರದು. ಅಂಥ ದ್ವಿತಳಿ ನೂಲು ನಮಗೆ ಬೇಕಾದಷ್ಟು ಇಲ್ಲಿ ಸಿಗದೆ ಚೀನಾದ್ದನ್ನು ತರಿಸುತ್ತೇವೆ. ಸುಂಕವಾದರೆ ದುಬಾರಿ ಕೊಟ್ಟಾದರೂ ಮಾಲು ಸಿಗುತ್ತದೆ. ಕೋಟಾ ಆದರೆ ಪರವಾನಗಿದಾರನ ಮುಂದೆ ಕೈಕಟ್ಟಿ ನಿಲ್ಲಬೇಕು.

ಅರ್ಥಶಾಸ್ತ್ರ ಉಪನ್ಯಾಸಕಿ
ಪರವಾನಗಿಗಳನ್ನು ಹರಾಜು ಹಾಕಿದರೆ? ಆ 600 ರೂಪಾಯಿಯ ಬಹುಪಾಲು ಬೊಕ್ಕಸಕ್ಕೆ ಬರುತ್ತದಲ್ಲ.

ನಿವೃತ್ತ ಕಸ್ಟಮ್ಸ್ ಅಧಿಕಾರಿ
ಬರುತ್ತದೆ, ಹರಾಜಿನಲ್ಲಿ ಪೈಪೋಟಿ ಇದ್ದರೆ. ನಾಲ್ಕೇ ಜನ ಆಮದುದಾರರು ಒಳಗೊಳಗೇ ಮಾತಾಡಿಕೊಂಡರೆ ಬರುವುದಿಲ್ಲ. ನೇಕಾರರ ತೊಂದರೆ ಹರಾಜಿನಿಂದಲೂ ನೀಗುವುದಿಲ್ಲ.

ರೇಷ್ಮೆ ಬೆಳೆಗಾರ, ಮಳವಳ್ಳಿ
ಚೀನಾದ ಬೆಲೆ ಕುಸಿದ ವರ್ಷ ನಮ್ಮನ್ನು ಕಾಯುವುದು ಕೋಟಾವೇ ಎಂದು ನೀವೇ ಹೇಳಿದಿರಿ ಸರ್. ಸಂಘದ ಸಭೆಯಲ್ಲಿ ಎರಡನ್ನೂ ಮುಂದಿಡುತ್ತೇನೆ, ಜನ ಏನನ್ನುತ್ತಾರೋ ನೋಡೋಣ.